ಊರಲ್ಲಿಲ್ಲದವನ ಆರೋಗ್ಯ ಪತ್ರ

"ಆ ಕಾಲದ ಹೋಟೆಲು ಅಂದ್ರೆ ಶುಚಿ ಸಾರ್. ವರ್ಷಕ್ಕೊಂದ್ಸಲ ಒಬ್ಬೊಬ್ಬ ಕೆಲಸದವನ್ನೂ ಡಾಕ್ಟ್ರು ಮುಟ್ಟಿ ನೋಡಿ ಸರ್ಟಿಫಿಕೇಟ್ ಕೊಡೋರು. ಗೋಡೆ ಮೇಲೆ ಕಟ್ಟು ಹಾಕ್ಸಿ ತೂಗುಹಾಕಿರೋರು. ಆ ದೋಸೆಯವನು ಬೇರೆಯವನ ಹೆಸರು ಹೇಳ್ಕೊಂಡು, ಕಾಯಿಲೆ ಮುಚ್ಚಿಟ್ಕೊಂಡು ಒಳಗೆ ಸೇರ್ಕೊಂಡ ನೋಡಿ, ಅಂಥಾ ಹೋಟೆಲು ಅವನೊಬ್ಬನಿಂದ ಹಾಳಾಯ್ತು."

ಜಯನಗರದ ಉದ್ಯಾನದ ಕಲ್ಲುಬೆಂಚಿನ ಮೇಲೆ ಬೆಳಗಿನ ವಾಯುಸಂಚಾರ ಮುಗಿಸಿ ಕೂರುವವರು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರೂ ಆ ಹೋಟೆಲಿನ ಅಡಿಗೆಮನೆಯ ಹೊಸ್ತಿಲು ದಾಟಿದವರಲ್ಲ. ನಾನು ದಾಟಿದವನು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ತರಕಾರಿ, ಬೇಳೆ, ಎಣ್ಣೆ ನನ್ನ ಸುಪರ್ದಿನಲ್ಲಿರುತ್ತಿದ್ದವು. ನನ್ನ ಶಾಲೆ ಏಳನೆಯ ತರಗತಿಗೇ ಮುಗಿದಿತ್ತು. ಆದರೆ ಅಚ್ಚಾದ ಕಾಗದ ಕೈಗೆ ಸಿಕ್ಕರೆ ಅದರ ಕೊನೆಯ ಸಾಲಿನವರೆಗೂ ಓದದೆ ಬಿಡುವ ಸ್ವಭಾವ ನನ್ನದಲ್ಲ. ಆದ್ದರಿಂದ ಶುಚಿಯ ಈ ಕಥೆಯನ್ನು ಕೇಳಿದಾಗಲೆಲ್ಲ ನನಗೆ ಮೊದಲು ವಾಕರಿಕೆ ಬರುತ್ತದೆ, ಸಿಟ್ಟು ಆಮೇಲೆ.

ಆ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸಿಮೆಂಟಿನ ತೊಟ್ಟಿಯೊಂದಿತ್ತು. ಬೆಳಿಗ್ಗೆ ತುಂಬಿದ ನೀರನ್ನು ಸಂಜೆ ಬದಲಾಯಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಬೂದುಬಣ್ಣದ ಒಂದು ಪೊರೆ ಕಟ್ಟುತ್ತಿತ್ತು. ಕಾಫಿಯ ಚರಟ, ಸಾಂಬಾರಿನ ಕರಿಬೇವು, ಯಾರೋ ಅಗಿದು ಉಗಿದ ನುಗ್ಗೆಕಾಯಿಯ ಸಿಪ್ಪೆ ಅದರಲ್ಲಿ ನಿಧಾನವಾಗಿ ಸುತ್ತುತ್ತಿದ್ದವು. ಲೋಟಗಳನ್ನು ಅದರಲ್ಲಿ ಅದ್ದಿ ಬೋರಲು ಹಾಕಿದರೆ ತೊಳೆದಂತೆ. ಮೇಜು ಒರೆಸುವ ಬಟ್ಟೆಯೇ ಬೆವರು ಒರೆಸುವ ಬಟ್ಟೆ. ಅದೇ ತಟ್ಟೆ ಒರೆಸುವ ಬಟ್ಟೆ. ತೆಂಗಿನಕಾಯಿ ತುರಿಯುವವನಿಗೆ ಉಗುರುಸುತ್ತು ಆಗಿ, ಕೀವು ಒಸರುತ್ತಿದ್ದ ಬೆರಳಿಗೆ ಹಳೆಯ ಪಂಚೆಯ ಚಿಂದಿ ಸುತ್ತಿಕೊಂಡಿದ್ದ. ಒಂದು ದಿನ ಬೆಳಗಿನ ಹೊತ್ತಿನಲ್ಲಿ ಆ ಚಿಂದಿ ಬೆರಳಿನಲ್ಲಿರಲಿಲ್ಲ. ಹುಡುಕಿದರು, ಸಿಗಲಿಲ್ಲ. ಅಂದು ಚಟ್ನಿ ಎಂದಿನಂತೆ ಖರ್ಚಾಯಿತು. ಹಿತ್ತಲಿನ ಪಾಯಖಾನೆಯಲ್ಲಿ ಒಂದು ತಗಡಿನ ಡಬ್ಬಿಯಿತ್ತು, ಸಾಬೂನು ಇರಲಿಲ್ಲ. ಅಲ್ಲಿಂದ ಬಂದ ಕೈ ಪಂಚೆಗೆ ಒರೆಸಿಕೊಂಡು ನೇರವಾಗಿ ಹಿಟ್ಟಿಗೆ ಇಳಿಯುವುದನ್ನು ನಾನು ನೋಡಿದ್ದೇನೆ. ಇದು ಬೆಂಚಿನವರು ಹೇಳುವ ಶುಚಿ.

ಹೊರಗಿನ ಸಭಾಂಗಣ ಮಾತ್ರ ಬೇರೆಯೇ ಲೋಕ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ದೇವರ ಪಟಗಳು. ಅದೇ ಸಾಲಿನಲ್ಲಿ, ಅದೇ ಅಳತೆಯ ಕಟ್ಟುಗಳಲ್ಲಿ, ಕೆಲಸಗಾರರ ಆರೋಗ್ಯ ಪತ್ರಗಳು. ಯಜಮಾನರು ಬೆಳಿಗ್ಗೆ ಊದುಬತ್ತಿ ಹಚ್ಚಿ ಪಟಗಳಿಗೆ ತೋರಿಸುತ್ತ ಬರುವಾಗ ಕೈ ನಿಲ್ಲಿಸದೆ ಸರ್ಟಿಫಿಕೇಟುಗಳಿಗೂ ತೋರಿಸಿಬಿಡುತ್ತಿದ್ದರು. ಗಿರಾಕಿಗಳು ಅದನ್ನು ಕಂಡು ಮೆಚ್ಚುತ್ತಿದ್ದರು.

ಆ ಪತ್ರಗಳ ನಿಯಮ ಬಹಳ ಸರಳ. ಹೋಟೆಲಿನ ಪರವಾನಗಿ ಏಪ್ರಿಲಿನಿಂದ ಮಾರ್ಚಿನವರೆಗೆ. ಪ್ರತಿ ವರ್ಷವೂ ಅವಧಿ ತೀರುವ ಮೊದಲೇ ಅರ್ಜಿ ಹಾಕಿ ನವೀಕರಿಸಿಕೊಳ್ಳಬೇಕು. ಆಹಾರ ಮುಟ್ಟುವ ಪ್ರತಿಯೊಬ್ಬನನ್ನೂ ವೈದ್ಯರು ವರ್ಷಕ್ಕೊಮ್ಮೆ ಪರೀಕ್ಷಿಸಿ, ಅಂಟುರೋಗವಿಲ್ಲವೆಂದು ಬರೆದುಕೊಡಬೇಕು. ಟೈಫಾಯ್ಡಿನ ಇಂಜೆಕ್ಷನ್ನು ಆಗಿರಬೇಕು. ಪತ್ರ ಮನುಷ್ಯನದು, ಹೋಟೆಲಿನದಲ್ಲ. ಹೊಸಬ ಬಂದರೆ ಹೊಸ ಪರೀಕ್ಷೆ. ನಡುವೆ ಅಂಟುರೋಗ ಬಂದರೆ, ಗೋಡೆಯ ಮೇಲಿನ ಕಾಗದದ ಅವಧಿ ಇನ್ನೂ ಎಷ್ಟೇ ಉಳಿದಿರಲಿ, ಆತ ಒಲೆಯಿಂದ ದೂರವಿರಬೇಕು. ಗುಣವಾಗಿದೆಯೆಂದು ಮತ್ತೆ ಪತ್ರ ತಂದ ಮೇಲೆಯೇ ಒಳಗೆ ಬರಬೇಕು. ನಮ್ಮ ಪರವಾನಗಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಷರತ್ತುಗಳು ಅಚ್ಚಾಗಿದ್ದವು. ಓದಿದವನು ನಾನೊಬ್ಬನೇ ಎಂದು ತೋರುತ್ತದೆ.

ನಡೆಯುತ್ತಿದ್ದದ್ದು ಹೀಗೆ. ಮಾರ್ಚಿ ತಿಂಗಳಲ್ಲಿ ಒಂದು ಮಧ್ಯಾಹ್ನ ಖಾಸಗಿ ವೈದ್ಯರೊಬ್ಬರು ಬರುತ್ತಿದ್ದರು. ಅವರನ್ನು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ ಮಸಾಲೆ ದೋಸೆ ಇಡುತ್ತಿದ್ದರು. ಯಜಮಾನರ ಭಾವಮೈದುನ ನಮೂನೆಗಳನ್ನು ಪಕ್ಕದಲ್ಲಿ ಜೋಡಿಸುತ್ತಿದ್ದ.

"ಎಲ್ರೂ ಚೆನ್ನಾಗಿದಾರೇನಪ್ಪಾ?" ಎಂದು ವೈದ್ಯರು ಕೇಳುವರು.

"ನಿಮ್ಮ ಆಶೀರ್ವಾದ ಸಾರ್. ಗುಂಡುಕಲ್ಲು ಇದ್ದಂಗಿದಾರೆ."

"ಇನ್ನೊಂದ್ ಸ್ವಲ್ಪ ಚಟ್ನಿ ಹಾಕ್ಸು."

ಎಡಗೈ ಕಾಗದ ಒತ್ತಿ ಹಿಡಿಯುತ್ತಿತ್ತು, ಬಲಗೈ ದೋಸೆಯಿಂದ ಎದ್ದು ಪೆನ್ನು ಹಿಡಿಯುತ್ತಿತ್ತು. ಅಡಿಗೆಮನೆಯ ಬಾಗಿಲನ್ನು ಅವರು ತೆರೆದದ್ದನ್ನು ನಾನು ಕಾಣಲಿಲ್ಲ. ಉಗುರುಸುತ್ತಿನವನು ಆ ಬಾಗಿಲ ಹಿಂದೆಯೇ ಕಾಯಿ ತುರಿಯುತ್ತಿದ್ದ. ಒಂದು ವರ್ಷ ಪಾತ್ರೆ ತೊಳೆಯುವಾಕೆಯ ಪತ್ರದ ಮೇಲೆ, ರುಜುವಿನ ಪಕ್ಕದಲ್ಲೇ, ಚಟ್ನಿಯ ಹಸಿರು ಬೆರಳಚ್ಚು ಬಿದ್ದಿತ್ತು. ಅದನ್ನೂ ಕಟ್ಟು ಹಾಕಿಸಿದರು.

ಇನ್ನು ನಾನು ವಿವಾದಕ್ಕೆ ತೆಗೆದುಕೊಂಡಿರುವ ಹೆಸರಿನ ವಿಷಯ. ಹೋಟೆಲು ತೆರೆದಾಗ ದೋಸೆಕಲ್ಲಿನ ಮುಂದೆ ನಿಂತವನು ಒಬ್ಬ ಉಡುಪಿಯ ಕಡೆಯವನು. ಎರಡು ವರ್ಷವಾದ ಮೇಲೆ ಅವನು ಬೊಂಬಾಯಿಗೆ ಹೋದ. ಅವನ ಪತ್ರ ಗೋಡೆಯ ಮೇಲೆಯೇ ಉಳಿಯಿತು. ಮಾತ್ರವಲ್ಲ, ಮುಂದಿನ ಮಾರ್ಚಿಯಲ್ಲಿ ಎಲ್ಲರದರ ಜೊತೆಗೆ ಅದೂ ನವೀಕರಣವಾಯಿತು. ಅವನ ಜಾಗಕ್ಕೆ ಕನಕಪುರದ ಕಡೆಯವನೊಬ್ಬ ಬಂದ. ಹೆಂಡತಿ, ಎರಡು ಮಕ್ಕಳು. ತಿಲಕ್ ನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಮೊದಲ ದಿನ ಯಜಮಾನರು ಅವನನ್ನು ಗೋಡೆಯ ಮುಂದೆ ನಿಲ್ಲಿಸಿ, ಬೊಂಬಾಯಿಗೆ ಹೋದವನ ಪತ್ರ ತೋರಿಸಿದರು.

"ನಿನ್ನ ಹೆಸ್ರು ಏನೇ ಇರ್ಲಿ, ಇಲ್ಲಿ ನೀನು ಇವನು. ಇನ್ಸ್‌ಪೆಕ್ಟ್ರು ಬಂದು ಈ ಹೆಸ್ರು ಕೂಗಿದ್ರೆ ಓ ಅನ್ಬೇಕು."

"ನಂಗೂ ಒಂದು ಮಾಡಿಸ್ಕೊಡಿ ಯಜಮಾನ್ರೇ, ನನ್ನ ಹೆಸ್ರಲ್ಲೇ."

"ದೋಸೆಕಲ್ಲಿಗೆ ಒಂದು ಸರ್ಟಿಫಿಕೇಟ್ ಇದೆಯಲ್ಲಯ್ಯ. ಕಲ್ಲು ಒಂದೇ, ಸರ್ಟಿಫಿಕೇಟ್ ಎರಡ್ಯಾಕೆ?"

ಯಜಮಾನರು ಇದನ್ನು ಕಪಟದಿಂದ ಹೇಳಲಿಲ್ಲವೆಂಬುದೇ ನನಗೆ ಇನ್ನೂ ಹೇಸಿಗೆ ಹುಟ್ಟಿಸುತ್ತದೆ. ಅವರು ಮನಸಾರೆ ಹಾಗೆ ನಂಬಿದ್ದರು. ಗ್ಯಾಸಿಗೊಂದು ಪುಸ್ತಕ, ತಕ್ಕಡಿಗೊಂದು ಮುದ್ರೆ, ದೋಸೆಕಲ್ಲಿಗೊಂದು ಆರೋಗ್ಯ ಪತ್ರ. ಕಲ್ಲಿಗೆ ರೋಗ ಬರುವುದಿಲ್ಲ ಎಂಬುದಷ್ಟೇ ಅವರ ಪುಣ್ಯ. ಸುತ್ತಮುತ್ತಲಿನ ಎಷ್ಟೋ ಹೋಟೆಲುಗಳಲ್ಲಿ ಇದೇ ಪದ್ಧತಿ. ಕೆಲಸ ಬಿಟ್ಟವನ ಹೆಸರು ಕೆಲಸದ ಜೊತೆಗೆ ಮುಂದಿನವನಿಗೆ ಬರುತ್ತಿತ್ತು, ಗೂಟಕ್ಕೆ ನೇತುಹಾಕಿದ ಏಪ್ರನ್ನಿನ ಹಾಗೆ.

ಕ್ರಮೇಣ ಸಪ್ಲೈಯರುಗಳೂ ಅವನನ್ನು ಆ ಹೆಸರಿನಿಂದಲೇ ಕೂಗತೊಡಗಿದರು. "ಬೊಂಬಾಯಲ್ಲಿ ಮಳೆ ಹೆಂಗಿದೆ ಗುರು?" ಎಂದು ರೇಗಿಸುವರು. "ಎರಡ್ ಸೆಟ್ ಕೊಟ್ಟು ರೈಲ್ ಹತ್ತು ಮಗಾ" ಎನ್ನುವರು. ಅವನೂ ನಗುತ್ತಿದ್ದ. ಆದರೆ ಒಂದು ಸಂಜೆ ಅವನ ಹೆಂಡತಿ ಮಗುವಿಗೆ ಜ್ವರವೆಂದು ಓಡಿಬಂದು ಗಲ್ಲಾದಲ್ಲಿ ಗಂಡನ ನಿಜವಾದ ಹೆಸರು ಹೇಳಿ ಕೇಳಿದಳು. ಗಲ್ಲಾದಲ್ಲಿದ್ದ ಭಾವಮೈದುನ, "ಆ ಹೆಸ್ರಿನವರು ಯಾರೂ ಇಲ್ಲಮ್ಮ ಇಲ್ಲಿ, ಪಕ್ಕದ ಹೋಟ್ಲಲ್ಲಿ ಕೇಳಿ ಹೋಗಿ" ಎಂದು ಕಳಿಸಿಬಿಟ್ಟ. ಇಪ್ಪತ್ತು ಹೆಜ್ಜೆ ಒಳಗೆ ಅವಳ ಗಂಡ ದೋಸೆ ಮಗುಚುತ್ತಿದ್ದ. ಆ ರಾತ್ರಿಯಿಂದ ಅವನು ಆ ತಮಾಷೆಗೆ ನಗುವುದನ್ನು ಬಿಟ್ಟ.

ಅವನು ಸೇರಿದ ಎರಡನೆಯ ವರ್ಷದ ಮಳೆಗಾಲದಲ್ಲಿ ಅವನಿಗೆ ಜ್ವರ ಹಿಡಿಯಿತು. ಬೆಂಚಿನವರು ಹೇಳುವ "ಕಾಯಿಲೆ ಮುಚ್ಚಿಟ್ಟ" ಎಂಬ ಮಾತು ಇಲ್ಲಿಗೆ ಸಂಬಂಧಿಸಿದ್ದು. ಅವನು ಯಜಮಾನರ ಮುಂದೆ ಬಂದು ನಿಂತಾಗ ನಾನು ಉಗ್ರಾಣದ ಬಾಗಿಲಲ್ಲಿ ಈರುಳ್ಳಿ ಮೂಟೆ ಬಿಚ್ಚುತ್ತಿದ್ದೆ.

"ಯಜಮಾನ್ರೇ, ಜ್ವರ ಬಿಡ್ತಾನೇ ಇಲ್ಲ. ಹೊಟ್ಟೆನೂ ಸರಿಯಿಲ್ಲ. ಒಂದು ವಾರ ಬಿಡಿ, ತೋರಿಸ್ಕೊಂಡು ಬರ್ತೀನಿ."

"ಶನಿವಾರ ಭಾನುವಾರ ಎದುರಿಗಿದೆ, ಈಗ ಜ್ವರ ಅಂತಾನೆ! ಒಲೆ ಮುಂದೆ ನಿಂತು ಬೆವ್ರು, ತಾನೇ ಇಳಿಯುತ್ತೆ. ನಿನ್ನ ಸರ್ಟಿಫಿಕೇಟ್ ಮಾರ್ಚಿವರೆಗೂ ಇದೆ."

ನಾನು ಸುಮ್ಮನಿರಲಿಲ್ಲ. "ಅದು ಇವನದಲ್ಲ. ಇವನದೇ ಆಗಿದ್ರೂ ಜ್ವರ ಬಂದವನು ಒಲೆ ಮುಂದೆ ನಿಲ್ಲೋ ಹಾಗಿಲ್ಲ. ಲೈಸೆನ್ಸ್ ಹಿಂದುಗಡೆ ಅಚ್ಚಾಗಿದೆ, ಒಂದ್ಸಲ ತಿರುಗಿಸಿ ನೋಡಿ."

"ಲಾಯರ್ ಸಾಹೇಬ್ರೇ, ನೀವು ಈರುಳ್ಳಿ ಆರಿಸಿ. ಕೊಳೆತಿರೋದು ಬೇರೆ ಹಾಕಿ."

ಅವನು ಇನ್ನೂ ಕೆಲವು ದಿನ ನಿಂತ. ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿತ್ತು. ಹಿತ್ತಲಿಗೆ ಓಡುವನು, ಬರುವನು, ಚಟ್ನಿಗೆ ಕೈ ಹಾಕಿ ಕಲಸುವನು. ಗಿರಾಕಿಗಳು ಅದನ್ನೇ ಎರಡನೆಯ ಸಲ ಹಾಕಿಸಿಕೊಳ್ಳುವರು. ನನಗೆ ಅಂದಿನಿಂದ ಹೊರಗಿನ ಚಟ್ನಿ ಗಂಟಲಲ್ಲಿ ಇಳಿಯುವುದಿಲ್ಲ. ಕೊನೆಗೊಂದು ಬೆಳಿಗ್ಗೆ ಅವನು ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಕುಸಿದ. ಆಟೋದಲ್ಲಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಸೇರಿಸಿ ಬಂದವನು ನಾನು. ಟೈಫಾಯ್ಡ್ ಎಂದರು. ದಾಖಲಾತಿಯಲ್ಲಿ ಅವನ ನಿಜವಾದ ಹೆಸರು ಬರೆಸಿದೆ.

ಎರಡು ಮೂರು ವಾರ ಕಳೆದ ಮೇಲೆ ನಮ್ಮ ಗಿರಾಕಿಗಳ ಕೆಲವು ಮನೆಗಳಲ್ಲಿ ಅದೇ ಜ್ವರ ಕಾಣಿಸಿತು. ಅವನಿಂದಲೇ ಬಂತೆಂದು ಬೆಂಚಿನವರು ಎಷ್ಟು ಧೈರ್ಯವಾಗಿ ಹೇಳುತ್ತಾರೋ ಅಷ್ಟು ಧೈರ್ಯ ನನಗಿಲ್ಲ. ಕಾದ ಕಲ್ಲಿನ ಮೇಲಿನ ದೋಸೆಯಿಂದ ಆ ರೋಗ ಹರಡದು. ಬೇಯಿಸದ ಚಟ್ನಿಯಿಂದ ಹರಡಬಹುದು. ಆದರೆ ಅವನಿಗೆ ಎಲ್ಲಿಂದ ಬಂತು? ಪಾಯಖಾನೆಯ ಗೋಡೆಗೆ ಅಂಟಿಕೊಂಡೇ ಇದ್ದ ಕುಡಿಯುವ ನೀರಿನ ನೆಲತೊಟ್ಟಿಯ ಮುಚ್ಚಳ ಒಡೆದು ಎಷ್ಟೋ ತಿಂಗಳಾಗಿತ್ತು. ಒಳಗೆ ಸತ್ತ ಇಲಿಯೊಂದು ಊದಿಕೊಂಡು ತೇಲುತ್ತಿದ್ದುದನ್ನು ಕೊಕ್ಕೆಯಿಂದ ತೆಗೆದದ್ದು ನಾನೇ. ಆ ನೀರನ್ನೇ ಅವನೂ ಕುಡಿದ, ಗಿರಾಕಿಗಳೂ ಕುಡಿದರು.

ಆರೋಗ್ಯ ಇನ್ಸ್‌ಪೆಕ್ಟರ್ ಬಂದರು. ಗೋಡೆ ನೋಡಿದರು, ಒಂದೊಂದೇ ಹೆಸರು ಕೂಗಿದರು. ದೋಸೆಯವನ ಹೆಸರು ಬಂದಾಗ ಓಗೊಡುವವರು ಇರಲಿಲ್ಲ.

"ಅವ್ನು ಊರಿಗೆ ಹೋಗಿದಾನೆ ಸಾರ್," ಎಂದರು ಯಜಮಾನರು. "ಆಸ್ಪತ್ರೇಲಿರೋನು ಬೇರೆ. ಅವ್ನು ಯಾರು ಏನು ನಮಗೆ ಗೊತ್ತೇ ಇಲ್ಲ. ಇವನ ಹೆಸ್ರು ಹೇಳ್ಕೊಂಡು ಮೋಸ ಮಾಡಿ ಸೇರ್ಕೊಂಡ್ಬಿಟ್ಟಿದಾನೆ. ಕಾಯಿಲೆ ಇದೆ ಅಂತ ಒಂದು ಮಾತು ಬಾಯಿ ಬಿಡ್ಲಿಲ್ಲ ಸಾರ್."

ಬೆಂಚಿನ ಕಥೆ ಹುಟ್ಟಿದ್ದು ಆ ನಿಮಿಷದಲ್ಲಿ, ಆ ಬಾಯಿಯಿಂದ. ಹಣೆಯ ವಿಭೂತಿ ಒಂದಿಷ್ಟೂ ಅಳಿಸದೆ ಅವರು ಅದನ್ನು ಹೇಳಿದರು. ನಾನು ಮುಂದೆ ಬಂದು ನಡೆದದ್ದನ್ನು ಹೇಳಿದೆ.

"ಬರೆದು ಕೊಡ್ತೀರಾ?" ಎಂದರು ಇನ್ಸ್‌ಪೆಕ್ಟರ್.

"ಕೊಡ್ತೀನಿ."

ಕೊಟ್ಟೆ. ಅಂದೇ ನನ್ನ ಉಗ್ರಾಣದ ಬೀಗದಕೈ ಭಾವಮೈದುನನ ಸೊಂಟಕ್ಕೆ ಹೋಯಿತು. ಹೋಟೆಲು ಮುಚ್ಚಿದ್ದು ದೋಸೆಯವನಿಂದಲ್ಲ. ಎಲ್ಲ ಕೆಲಸಗಾರರನ್ನೂ ಸರ್ಕಾರಿ ವೈದ್ಯಾಧಿಕಾರಿಯ ಮುಂದೆ ನಿಲ್ಲಿಸಿ ಹೊಸ ಪತ್ರ ತರುವವರೆಗೆ ಬಾಗಿಲು ತೆರೆಯಬಾರದೆಂದು ನೋಟಿಸು ಬಂತು. ಎಲ್ಲರನ್ನೂ ಅವರ ಮುಂದೆ ನಿಲ್ಲಿಸಿದರು. ಒಬ್ಬನಿಗೆ ಕಫದಲ್ಲಿ ಕ್ಷಯ, ಇಬ್ಬರಿಗೆ ಕೈತುಂಬ ಕಜ್ಜಿ, ಉಗುರುಸುತ್ತಿನವನ ಬೆರಳು ಕೊಳೆತಿತ್ತು. ಊದುಬತ್ತಿ ಹೊಗೆಯಲ್ಲಿ ವರ್ಷಾನುಗಟ್ಟಲೆ ಗುಂಡುಕಲ್ಲಿನಂತಿದ್ದವರು ಇವರೇ. ಅರ್ಧಕ್ಕರ್ಧ ಜನರಿಗೆ ಪತ್ರ ಸಿಗಲಿಲ್ಲ. ಯಜಮಾನರು ತೊಟ್ಟಿ ತೊಳೆಸುವುದಕ್ಕಿಂತ ಹೋಟೆಲು ಮಾರುವುದೇ ಸುಲಭವೆಂದು ಮಾರಿದರು.

ದೋಸೆಯವನು ಆಸ್ಪತ್ರೆಯಿಂದ ಹೊರಬಂದಾಗ ಅವನ ಕಥೆ ಅವನಿಗಿಂತ ಮೊದಲೇ ಜಯನಗರ, ಬನಶಂಕರಿಯ ಹೋಟೆಲುಗಳನ್ನೆಲ್ಲ ಸುತ್ತಿ ಬಂದಿತ್ತು. ಹೆಸರು ಕದ್ದವನು, ರೋಗ ಬಚ್ಚಿಟ್ಟವನು. ಯಾರೂ ಬಾಗಿಲೊಳಗೆ ಬಿಡುತ್ತಿರಲಿಲ್ಲ. ಅವನ ಮನೆಯಲ್ಲಿ ಒಲೆ ಹೊತ್ತಬೇಕಾದರೆ ಅವನು ರೋಗಮುಕ್ತನೆಂದು ಅವನದೇ ಹೆಸರಿನಲ್ಲಿ ಒಂದು ಪತ್ರ ಬೇಕಿತ್ತು. ನಾನೂ ಕೆಲಸವಿಲ್ಲದವನು, ಅವನ ಜೊತೆ ಹೊರಟೆ.

ವೈದ್ಯಾಧಿಕಾರಿ ಒಬ್ಬ ವಯಸ್ಸಾದ ಹೆಂಗಸು. ಪಡಿತರ ಚೀಟಿಯಲ್ಲಿ ಅವನ ಹೆಸರು ನೋಡಿದರು, ಅವನ ಮುಖ ನೋಡಿದರು.

"ಜ್ವರ ಬಿಟ್ಟಿದೆ ಅಂತ ಕೊಡಕ್ಕಾಗಲ್ಲಪ್ಪ. ಟೈಫಾಯ್ಡ್ ಆದವರ ಹೊಟ್ಟೇಲಿ ಕ್ರಿಮಿ ಉಳ್ಕೊಂಡಿರುತ್ತೆ, ನೋಡಕ್ಕೆ ಚೆನ್ನಾಗೇ ಇರ್ತಾರೆ. ಮಲ ಪರೀಕ್ಷೆ ಮಾಡಿಸ್ಬೇಕು. ಒಂದ್ಸಲ ಅಲ್ಲ, ಬಿಟ್ಟು ಬಿಟ್ಟು ಮೂರು ಸಲ. ಮೂರರಲ್ಲೂ ಇಲ್ಲ ಅಂತ ಬಂದ್ರೆ ಬರೆದು ಕೊಡ್ತೀನಿ."

"ಅಲ್ಲೀವರ್ಗೂ ಏನ್ಮಾಡ್ಲಿ ಮೇಡಂ?"

"ಅಡಿಗೆ ಒಂದು ಬಿಟ್ಟು ಏನಾದ್ರೂ ಮಾಡು."

ತಿಲಕ್ ನಗರದ ಒಂದು ಮರದ ಡಿಪೋದಲ್ಲಿ ಸೌದೆ ಒಡೆದ. ಜ್ವರ ತಿಂದ ಮೈ. ನಾಲ್ಕು ಏಟಿಗೆ ಒಮ್ಮೆ ಕೂತುಕೊಳ್ಳುತ್ತಿದ್ದ. ಹೆಂಡತಿ ಮನೆಮನೆಯ ಪಾತ್ರೆ ತಿಕ್ಕಿದಳು. ಪರೀಕ್ಷೆಯ ಮಲದ ಸಣ್ಣ ಡಬ್ಬಿಯನ್ನು ಅವನು ಕಾಗದದಲ್ಲಿ ಸುತ್ತಿ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಒಯ್ಯುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಆ ಡಬ್ಬಿಯ ಬಗ್ಗೆ ನನಗೆ ಹೇಸಿಗೆಯಾಗಲಿಲ್ಲ. ಆ ಇಡೀ ವ್ಯವಹಾರದಲ್ಲಿ ನಾನು ಕಂಡ ಶುಚಿಯಾದ ವಸ್ತು ಅದೊಂದೇ. ಮೂರು ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಬಂತು. ಪತ್ರ ಸಿಕ್ಕಿತು, ಅವನ ಹೆಸರಿನಲ್ಲಿ, ಒಂದು ವರ್ಷದ ಅವಧಿಗೆ.

ಬನಶಂಕರಿಯ ಒಂದು ಹೋಟೆಲಿನ ಮಾಲೀಕ ಅದನ್ನು ಓದಿ ತಲೆಯಾಡಿಸಿದ. "ಕೈ ಚೆನ್ನಾಗಿದೆ ಅಂತ ಕೇಳಿದೀನಿ. ನಾಳೆಯಿಂದ ಬಾ. ಆದ್ರೆ ಈ ಕಾಗದ ಜೇಬಲ್ಲೇ ಇಟ್ಕೊ. ಟೈಫಾಯ್ಡು ಅದು ಇದು ಅಂತ ನಿನ್ನ ಹೆಸ್ರು ಕೆಟ್ಟಿದೆ. ದೋಸೆಕಲ್ಲಿಗೆ ಅಂತ ನಮ್ಮದೊಂದು ಹಳೇ ಸರ್ಟಿಫಿಕೇಟ್ ಇದೆ, ಆ ಹೆಸ್ರಲ್ಲಿ ನಿಂತ್ಕೊ."

ಅವನು ಕೈ ಚಾಚಿ ತನ್ನ ಪತ್ರ ವಾಪಸು ತೆಗೆದುಕೊಂಡ. ಮನೆಯಲ್ಲಿ ಅಕ್ಕಿ ಇಲ್ಲದ ದಿನ ಅದು, ನನಗೆ ಗೊತ್ತಿತ್ತು.

"ಬೇಡ ಅಣ್ಣಾ," ಎಂದ. "ನಾಳೆ ನನ್ನ ಹೆಂಡ್ತಿ ಬಂದು ನನ್ನ ಕೇಳಿದ್ರೆ, ಅಂಥವನಿಲ್ಲ ಅಂತೀರಿ."

ಮಾಲೀಕನಿಗೆ ಅರ್ಥವಾಗಲಿಲ್ಲ. "ಪೊಗರು ನೋಡು ಇವನ್ದು" ಎಂದು ಗಲ್ಲಾದ ಕಡೆ ತಿರುಗಿದ.

ಬಿಳೇಕಹಳ್ಳಿಯ ಆಚೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನಿಗೆ ಕೆಲಸ ಸಿಕ್ಕಿದ್ದು ಮತ್ತೆ ಎರಡು ತಿಂಗಳ ಮೇಲೆ. ಅಲ್ಲಿ ಕಾರ್ಖಾನೆಯ ವೈದ್ಯರು ಅಡಿಗೆಯವರನ್ನು ವರ್ಷಕ್ಕೊಮ್ಮೆ ತಾವೇ ಪರೀಕ್ಷಿಸುತ್ತಿದ್ದರು. ಆಸ್ಪತ್ರೆಯ ಚೀಟಿ, ಪತ್ರ ಎರಡನ್ನೂ ಮೇಜಿನ ಮೇಲಿಟ್ಟು, ಹೀಗೆ ಹೀಗಾಯಿತು ಎಂದು ಹೇಳಿ ಸೇರಿದ. ನಿವೃತ್ತಿಯವರೆಗೂ ಅಲ್ಲಿದ್ದ. ಪ್ರತಿ ವರ್ಷ ನಾಲಗೆ ಚಾಚಿ, ಉಗುರು ತೋರಿಸಿ, ಹೊಸ ಪತ್ರ ಪಡೆದ. ಈಗ ಅವನು ಇಲ್ಲ. ಸತ್ತವನನ್ನು ಬೆಂಚಿನ ಮೇಲೆ ಕೂತು ಮತ್ತೆ ಕಳ್ಳನನ್ನಾಗಿ ಮಾಡುವುದನ್ನು ನಾನು ಕೇಳಿಕೊಂಡು ಹೋಗಲಾರೆ.

ನನ್ನ ಮಾತನ್ನು ನಂಬಿ ಎಂದು ನಾನು ಹೇಳುವುದಿಲ್ಲ. ನಾನೇ ಯಾರ ಮಾತನ್ನೂ ಹಾಗೆ ನಂಬುವವನಲ್ಲ. ಬೊಂಬಾಯಿಗೆ ಹೋಗಿದ್ದ ಮೊದಲನೆಯ ದೋಸೆಯವನು ಐದಾರು ವರ್ಷದ ಮೇಲೆ ಹಿಂತಿರುಗಿದ. ತ್ಯಾಗರಾಜನಗರದಲ್ಲಿ ಸಣ್ಣದೊಂದು ತಿಂಡಿ ಅಂಗಡಿ ಇಟ್ಟ. ಈಗ ಅದನ್ನು ಮಗ ನಡೆಸುತ್ತಾನೆ, ತಂದೆ ಬೆಳಗಿನ ಹೊತ್ತು ಬಾಗಿಲ ಪಕ್ಕ ಮುರುಕು ಕುರ್ಚಿಯಲ್ಲಿ ಕೂತಿರುತ್ತಾನೆ. ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಜಯನಗರದಲ್ಲಿ ವೈದ್ಯರು ಅವನನ್ನು "ಮುಟ್ಟಿ ನೋಡಿ" ಗುಂಡುಕಲ್ಲಿನಂತಿದ್ದಾನೆಂದು ಬರೆದುಕೊಟ್ಟ ಆ ಮಾರ್ಚಿಗಳಲ್ಲಿ ನೀನು ಎಲ್ಲಿದ್ದೆ ಎಂದು ಅವನನ್ನೇ ಕೇಳಿ. ಬೊಂಬಾಯಿಯ ಮಾಟುಂಗದ ಯಾವ ಓಣಿಯ ಯಾವ ಅಡಿಗೆಮನೆ, ಜೊತೆಗೆ ಯಾರು ಮಲಗುತ್ತಿದ್ದರು, ಒಂದು ಮಾರ್ಚಿಯಲ್ಲಿ ತನಗೇ ಕಾಮಾಲೆಯಾಗಿ ಕಣ್ಣು ಹಳದಿಯಾದದ್ದು ಹೇಗೆ, ಎಲ್ಲವನ್ನೂ ಹೇಳುತ್ತಾನೆ. ಬೆಳಿಗ್ಗೆ ಒಂಬತ್ತರ ಮೇಲೆ ಹೋದರೆ ಗಿರಾಕಿ ಕಡಿಮೆ. ಸ್ವಲ್ಪ ಗಟ್ಟಿಯಾಗಿ ಕೇಳಬೇಕು, ಅಷ್ಟೆ.